ಎರಡು ಕಂತು ತಪ್ಪಿದೆ, ಬ್ಯಾಂಕಿಗೆ ಪತ್ರದಲ್ಲಿ ಏನು ಬರೆಯಲಿ?

ಪ್ರಶ್ನೆ: ನಮ್ಮದು ಪೆರ್ಲದ ಹತ್ತಿರ ಸಣ್ಣ ಹಾಳೆ ತಟ್ಟೆ ಘಟಕ. ಎರಡು ವರ್ಷದ ಹಿಂದೆ ಯಂತ್ರಗಳಿಗೆ ಅಂತ 14 ಲಕ್ಷ ಟರ್ಮ್ ಲೋನ್, ಜೊತೆಗೆ 6 ಲಕ್ಷದ ಕ್ಯಾಶ್ ಕ್ರೆಡಿಟ್, ಅಂದರೆ ಸಿಸಿ ತೆಗೆದೆ. ಇಷ್ಟರವರೆಗೆ ಒಂದು ಕಂತೂ ತಪ್ಪಿಸಿರಲಿಲ್ಲ. ಬೇಸಿಗೆಯಲ್ಲಿ ಬೆಂಗಳೂರಿನ ಸಗಟು ವ್ಯಾಪಾರಿಯೊಬ್ಬರಿಗೆ ಕಳಿಸಿದ ಮಾಲಿನ 7.80 ಲಕ್ಷ ಇನ್ನೂ ಬಂದಿಲ್ಲ. ಆಗಸ್ಟ್ 5 ಮತ್ತು ಸೆಪ್ಟೆಂಬರ್ 5ರ ಕಂತು ಕಟ್ಟಲಾಗಲಿಲ್ಲ. ಬ್ಯಾಂಕಿನಿಂದ ದಿನಾ ಫೋನು. ಆರು ತಿಂಗಳು ಕಂತು ನಿಲ್ಲಿಸಿ ಸಾಲ ರೀಸ್ಟ್ರಕ್ಚರ್ ಮಾಡಿ ಕೊಡಿ ಅಂತ ಪತ್ರ ಕೊಡಬೇಕು ಅಂದುಕೊಂಡಿದ್ದೇನೆ. ಮಾದರಿ ಬರೆದು ಕೊಡುತ್ತೀರಾ?

ಉತ್ತರ: ಮಾದರಿ ಕೆಳಗೆ ಇದೆ. ಆದರೆ ನೀವು ಅಂದುಕೊಂಡ ಪತ್ರ ಅದಲ್ಲ. ಯಾಕೆ ಅಂತ ಮೊದಲು ಹೇಳುತ್ತೇನೆ, ಅದನ್ನು ಓದದೆ ಪತ್ರ ಮಾತ್ರ ನಕಲು ಮಾಡಬೇಡಿ.

ನೀವು ಕಳಿಸಿದ ಎರಡೂ ಖಾತೆಗಳ ಸ್ಟೇಟ್‌ಮೆಂಟು, ಆಗಸ್ಟಿನ ಸ್ಟಾಕ್ ಸ್ಟೇಟ್‌ಮೆಂಟು, ಬೆಂಗಳೂರಿನವರ ಮೇಲ್ ಎಲ್ಲ ನೋಡಿದೆ. ನಾನು ಇದನ್ನು ಬರೆಯುವುದು ಸೆಪ್ಟೆಂಬರ್ 20ಕ್ಕೆ. ನಿಮ್ಮ ಕಂತು 30,439 ರೂಪಾಯಿ, ಬಡ್ಡಿ ಶೇಕಡಾ 11, ಐದು ವರ್ಷದ ಸಾಲ. 24 ಕಂತು ಕಟ್ಟಿದ್ದೀರಿ. ಅಸಲು ಸುಮಾರು 9.30 ಲಕ್ಷ ಉಳಿದಿದೆ.

ಮೊದಲು ದಿನ ಎಣಿಸೋಣ. ಬ್ಯಾಂಕಿನವರು ನಿಮ್ಮ ಮಾತಿಗಿಂತ ಜಾಸ್ತಿ ನೋಡುವುದು ಇದನ್ನೇ. ಕಂತಿನ ದಿನ ರಾತ್ರಿ ಬ್ಯಾಂಕಿನ ಕಂಪ್ಯೂಟರು ಲೆಕ್ಕ ಮುಗಿಸುವ ಹೊತ್ತಿಗೆ ದುಡ್ಡು ಬಂದಿಲ್ಲ ಅಂದರೆ ಅವತ್ತಿನಿಂದಲೇ ಬಾಕಿ. ಮೂವತ್ತು ದಿನ ಆದರೆ ಎಚ್ಚರಿಕೆಯ ಗುರುತು ಎಸ್‌ಎಂಎ-1, ಅರವತ್ತಾದರೆ ಎಸ್‌ಎಂಎ-2, ತೊಂಬತ್ತಾದರೆ ಕೆಟ್ಟ ಸಾಲ ಅಂದರೆ ಎನ್‌ಪಿಎ. ಆಗಸ್ಟ್ 5ರ ಕಂತಿನಿಂದ ಎಣಿಸಿದರೆ ಸೆಪ್ಟೆಂಬರ್ 4ಕ್ಕೆ ನೀವು ಎಸ್‌ಎಂಎ-1ಕ್ಕೆ ಬಂದಾಗಿದೆ. ಅಕ್ಟೋಬರ್ 4ಕ್ಕೆ ಎಸ್‌ಎಂಎ-2. ನವೆಂಬರ್ 3ರ ರಾತ್ರಿ ಎನ್‌ಪಿಎ. ಇದರಲ್ಲಿ ಮ್ಯಾನೇಜರರ ಕರುಣೆಗೆ ಜಾಗ ಇಲ್ಲ, ಕಂಪ್ಯೂಟರೇ ಮಾಡಿಬಿಡುತ್ತದೆ.

ಇಲ್ಲಿ ತುಂಬ ಜನರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಎಣಿಕೆ ಶುರುವಾಗುವುದು ಅತಿ ಹಳೆಯ ಬಾಕಿಯಿಂದ. ನೀವು ಎರಡೂ ಕಂತು ಕಟ್ಟಲಾಗದಿದ್ದರೂ ಆಗಸ್ಟಿನ ಒಂದು ಕಂತು ಪೂರ್ತಿ ಕಟ್ಟಿದರೆ, ಎಣಿಕೆ ಸೆಪ್ಟೆಂಬರ್ 5ಕ್ಕೆ ಜಾರುತ್ತದೆ. ಆಗ ಎನ್‌ಪಿಎ ದಿನ ನವೆಂಬರ್ 3ರಿಂದ ಡಿಸೆಂಬರ್ 4ಕ್ಕೆ ಹೋಗುತ್ತದೆ. ಒಂದು ಕಂತಿಗೆ ಒಂದು ತಿಂಗಳು ಸಿಗುತ್ತದೆ. ಎರಡೂ ಒಟ್ಟಿಗೆ ಕೂಡಿಬರಲಿ ಅಂತ ಕೈಯಲ್ಲಿದ್ದ ಮೂವತ್ತು ಸಾವಿರ ಇಟ್ಟುಕೊಂಡು ಕಾಯುವವರು ಈ ತಿಂಗಳನ್ನು ಸುಮ್ನೆ ಕಳೆದುಕೊಳ್ಳುತ್ತಾರೆ. ಒಮ್ಮೆ ಎನ್‌ಪಿಎ ಆದ ಮೇಲೆ ಈ ಆಟ ನಡೆಯುವುದಿಲ್ಲ. ಆಮೇಲೆ ಬಾಕಿ ಪೂರ್ತಿ, ಅಸಲು ಬಡ್ಡಿ ಎಲ್ಲ ಸೇರಿ ಕಟ್ಟಿದರೆ ಮಾತ್ರ ಖಾತೆ ಮೇಲೆ ಬರುತ್ತದೆ.

ಇನ್ನೊಂದು ಕಡೆ ನಿಮ್ಮ ಗಮನವೇ ಹೋಗಿಲ್ಲ. ಫೋನ್ ಬರುವುದು ಕಂತಿನ ಬಗ್ಗೆ. ಆದರೆ ನನಗೆ ಹೆದರಿಕೆ ಆದದ್ದು ನಿಮ್ಮ ಸಿಸಿ ನೋಡಿ.

ಸಿಸಿ ಲಿಮಿಟ್ 6 ಲಕ್ಷ ಇದ್ದರೂ ಅಷ್ಟೂ ತೆಗೆಯಬಹುದು ಅಂತ ಅರ್ಥ ಅಲ್ಲ. ನಿಮ್ಮ ಮಾಲು ಮತ್ತು ಬರಬೇಕಾದ ಬಿಲ್ಲುಗಳ ಮೇಲೆ ಡ್ರಾಯಿಂಗ್ ಪವರ್ ಅಂತ ಒಂದು ಲೆಕ್ಕ ತೆಗೆಯುತ್ತಾರೆ. ನಿಮ್ಮ ಮಂಜೂರಾತಿ ಪತ್ರದಲ್ಲಿ 90 ದಿನಕ್ಕಿಂತ ಹಳೆಯ ಬಿಲ್ಲು ಆ ಲೆಕ್ಕಕ್ಕೆ ಬರುವುದಿಲ್ಲ ಅಂತ ಇದೆ, ಹೆಚ್ಚಿನ ಬ್ಯಾಂಕುಗಳಲ್ಲೂ ಹಾಗೇ. ಏಪ್ರಿಲ್, ಮೇಯಲ್ಲಿ ಬೆಂಗಳೂರಿಗೆ ಹೋದ ಬಿಲ್ಲುಗಳಿಗೆಲ್ಲ ಆಗಸ್ಟ್ ಕೊನೆಗೆ 90 ದಿನ ದಾಟಿತು. ಆ 7.80 ಲಕ್ಷ ಲೆಕ್ಕದಿಂದಲೇ ಹೊರಗೆ ಬಿತ್ತು. ಉಳಿದದ್ದು ಏನು? ಒಣ ಹಾಳೆ ಮತ್ತು ತಟ್ಟೆ ಸೇರಿ 3.20 ಲಕ್ಷದ ದಾಸ್ತಾನು, ಅದರಲ್ಲಿ ಶೇಕಡಾ 25 ಮಾರ್ಜಿನ್ ಕಳೆದರೆ 2.40 ಲಕ್ಷ. ಕಾಸರಗೋಡು, ಪುತ್ತೂರು, ಮಂಗಳೂರಿನ ಅಂಗಡಿಗಳಿಂದ ಬರಬೇಕಾದ ಹೊಸ ಬಿಲ್ಲು 1.50 ಲಕ್ಷ, ಅದರಲ್ಲಿ ಶೇಕಡಾ 40 ಕಳೆದರೆ 90 ಸಾವಿರ. ಒಟ್ಟು 3.30 ಲಕ್ಷ. ನೀವು ತೆಗೆದಿರುವುದು 5.85 ಲಕ್ಷ. ಅಂದರೆ 2.55 ಲಕ್ಷ ಹೆಚ್ಚು.

ಹೀಗೆ ಹೆಚ್ಚು ತೆಗೆದ ಸ್ಥಿತಿ 90 ದಿನ ಬಿಡದೆ ಮುಂದುವರಿದರೆ ಸಿಸಿ ಖಾತೆಯೂ ಎನ್‌ಪಿಎ. ಆಗಸ್ಟ್ 31ರಿಂದ ಎಣಿಸಿದರೆ ನವೆಂಬರ್ 29. ಎನ್‌ಪಿಎ ನೋಡುವುದು ಖಾತೆಗಲ್ಲ, ಸಾಲಗಾರರಿಗೆ. ಒಂದು ಖಾತೆ ಕೆಟ್ಟರೆ ಇನ್ನೊಂದನ್ನೂ ಎಳೆದುಕೊಂಡೇ ಹೋಗುತ್ತದೆ. ನೀವು ಬರೀ ಕಂತಿನ ಬಗ್ಗೆ ಪತ್ರ ಬರೆದು, ಬ್ಯಾಂಕು ಅದಕ್ಕೆ ಒಪ್ಪಿ, ನವೆಂಬರ್ ಕೊನೆಗೆ ಸಿಸಿಯಿಂದಾಗಿ ಎಲ್ಲ ಮುಳುಗಿದರೆ ಏನು ಪ್ರಯೋಜನ?

ಈಗ ರೀಸ್ಟ್ರಕ್ಚರ್ ಅನ್ನುವ ಶಬ್ದಕ್ಕೆ ಬರೋಣ. ಊರಲ್ಲಿ ಇದನ್ನು ಕಂತು ಮುಂದೂಡುವುದು ಅಂತ ಹಗುರವಾಗಿ ಹೇಳುತ್ತಾರೆ. ಬ್ಯಾಂಕಿನ ಭಾಷೆಯಲ್ಲಿ ಹಾಗಲ್ಲ. ಸಾಲಗಾರ ಕಷ್ಟದಲ್ಲಿದ್ದಾನೆ ಅನ್ನುವ ಕಾರಣಕ್ಕೆ ಅವಧಿ, ಕಂತು, ಬಡ್ಡಿ ಯಾವುದನ್ನು ಸಡಿಲ ಮಾಡಿದರೂ ಅದು ರೀಸ್ಟ್ರಕ್ಚರ್. ಅಲ್ಲಿವರೆಗೆ ಸರಿ ಇದ್ದ ಸಾಲವೂ ರೀಸ್ಟ್ರಕ್ಚರ್ ಆದ ತಕ್ಷಣ ಸಾಮಾನ್ಯವಾಗಿ ಎನ್‌ಪಿಎ ಪಟ್ಟಿಗೆ ಇಳಿಯುತ್ತದೆ. 2019ರ ಜನವರಿಯಲ್ಲಿ ಮತ್ತು ಕೊರೋನಾ ಕಾಲದಲ್ಲಿ ರಿಸರ್ವ್ ಬ್ಯಾಂಕು ಸಣ್ಣ ಉದ್ಯಮಗಳಿಗೆ ಈ ಇಳಿತ ಇಲ್ಲದ ವಿಶೇಷ ಅವಕಾಶ ಕೊಟ್ಟಿತ್ತು. ಆ ಬಾಗಿಲು ಮುಚ್ಚಿ ವರ್ಷಗಳಾದವು. ನಿಮ್ಮ ಪಕ್ಕದ ಮನೆಯವರು "ನಮಗೆ ಮಾಡಿ ಕೊಟ್ಟಿದ್ದರು, ಏನೂ ಆಗಲಿಲ್ಲ" ಅಂದರೆ ಅದು ಆ ಕಾಲದ ಮಾತಾಗಿರಬಹುದು. ಈಗ ರೀಸ್ಟ್ರಕ್ಚರ್ ಆದ ಸಣ್ಣ ಸಾಲ ಮತ್ತೆ ಮೇಲೆ ಬರಬೇಕಾದರೆ, ಹೊಸ ಕಂತು ಶುರುವಾದ ಮೇಲೆ ಒಂದು ವರ್ಷ ಶಿಸ್ತಾಗಿ ಕಟ್ಟಬೇಕು. ಅಷ್ಟರವರೆಗೆ ಸಿಸಿ ಹೆಚ್ಚಿಸುವುದು, ಹೊಸ ಯಂತ್ರಕ್ಕೆ ಸಾಲ, ಎಲ್ಲ ಕಷ್ಟ. ಸಿಬಿಲ್‌ನಲ್ಲೂ ಆ ಗುರುತು ಬೀಳುತ್ತದೆ.

ಹಾಗಂತ ರೀಸ್ಟ್ರಕ್ಚರ್ ಕೆಟ್ಟದ್ದು ಅಂತಲ್ಲ. ವ್ಯಾಪಾರವೇ ಕುಗ್ಗಿ, ಹಳೆಯ ಕಂತನ್ನು ಇನ್ನು ಎಂದೂ ಕಟ್ಟಲಾಗದು ಅನ್ನುವವರಿಗೆ ಅದೇ ದಾರಿ. ನಿಮಗೆ ಬೇಕಾ ಅಂತ ಲೆಕ್ಕ ಹಾಕಿ ನೋಡಿದೆ. ಮೂರು ತಿಂಗಳು ಬರೀ ಬಡ್ಡಿ, ಅಂದರೆ ತಿಂಗಳಿಗೆ ಸುಮಾರು 8,500, ಕಟ್ಟಿ, ಅವಧಿಯನ್ನು ಒಂದು ವರ್ಷ ಉದ್ದ ಮಾಡಿದರೆ ಆಮೇಲಿನ ಕಂತು 25,300ರ ಆಸುಪಾಸು ಬರುತ್ತದೆ. ಈಗಿನದಕ್ಕಿಂತ ಐದು ಸಾವಿರ ಕಡಿಮೆ, ಅಷ್ಟೇ. ಅದಕ್ಕೆ ಕೊನೆವರೆಗೆ ನೀವು ಹೆಚ್ಚಿಗೆ ಕೊಡುವ ಬಡ್ಡಿ 69 ಸಾವಿರ ಹತ್ತಿರ. ನೀವು ಕೇಳಿದ ಹಾಗೆ ಆರು ತಿಂಗಳು ಏನೂ ಕಟ್ಟದೆ ಕೂತರೆ ಬಡ್ಡಿಯೇ ಐವತ್ತು ಸಾವಿರ ದಾಟಿ ಅಸಲಿನ ಮೇಲೆ ಕೂರುತ್ತದೆ. ಸೀಸನ್ನಿನಲ್ಲಿ 30 ಸಾವಿರದ ಕಂತು ನಿಮಗೆ ಯಾವತ್ತೂ ಭಾರ ಆಗಿಲ್ಲ, 24 ಕಂತೇ ಅದಕ್ಕೆ ಸಾಕ್ಷಿ. ಆಟಿ ತಿಂಗಳಲ್ಲಿ ಮದುವೆ ಇಲ್ಲ, ಓಣಂ ಊಟಕ್ಕೆ ಬಾಳೆ ಎಲೆಯೇ ಬೇಕು, ಹಾಗಾಗಿ ಮಳೆಗಾಲದಲ್ಲಿ ಪ್ರತಿ ವರ್ಷವೂ ನಿಮ್ಮ ಕೈ ಬಿಗಿ. ಹೋದ ವರ್ಷ ಅದನ್ನು ದಾಟಿಸಿದ್ದು ಬೇಸಿಗೆಯ ಬಿಲ್ಲಿನ ದುಡ್ಡು. ಈ ವರ್ಷ ಆ ದುಡ್ಡು ಬೆಂಗಳೂರಿನಲ್ಲಿ ಕೂತಿದೆ. ರೋಗ ಅದು, ಕಂತಿನ ಗಾತ್ರ ಅಲ್ಲ.

ನಿಮ್ಮಂಥ ಸ್ಥಿತಿಗೆ ನಿಯಮದಲ್ಲೇ ಬೇರೆ ದಾರಿ ಇದೆ. ಕೇಂದ್ರದ ಎಂಎಸ್‌ಎಂಇ ಸಚಿವಾಲಯ 2015ರ ಮೇ 29ಕ್ಕೆ ಸಣ್ಣ ಉದ್ಯಮಗಳ ಪುನಶ್ಚೇತನ ಮತ್ತು ಪುನರ್ವಸತಿ ಚೌಕಟ್ಟು ಅಂತ ಒಂದು ಅಧಿಸೂಚನೆ ಹೊರಡಿಸಿತು. 2016ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕು ಅದನ್ನು ಬ್ಯಾಂಕುಗಳಿಗೆ ಅನ್ವಯ ಮಾಡಿತು. 25 ಕೋಟಿವರೆಗಿನ ಸಾಲಕ್ಕೆ ಅದು ಸಲ್ಲುತ್ತದೆ. ಕಷ್ಟ ಬರುವ ಸೂಚನೆ ಕಂಡರೆ ಸಾಲಗಾರರೇ ಅರ್ಜಿ ಹಾಕಬಹುದು. ಒಟ್ಟು ಲಿಮಿಟ್ 10 ಲಕ್ಷದೊಳಗೆ ಇದ್ದರೆ ಶಾಖಾ ಮ್ಯಾನೇಜರರೇ ನೋಡುತ್ತಾರೆ. ನಿಮ್ಮದು 20 ಲಕ್ಷ, ಹಾಗಾಗಿ ಬ್ಯಾಂಕಿನ ಸಮಿತಿಗೆ ಹೋಗಬೇಕು. ಅರ್ಜಿ ಸಿಕ್ಕಿ ಐದು ಕೆಲಸದ ದಿನದೊಳಗೆ ಸಮಿತಿ ಸೇರಬೇಕು, ಸೇರಿದ 30 ದಿನದೊಳಗೆ ಏನು ಮಾಡುವುದು ಅಂತ ತೀರ್ಮಾನಿಸಬೇಕು.

ಸಮಿತಿಯ ಮುಂದೆ ಮೂರು ದಾರಿ. ರೆಕ್ಟಿಫಿಕೇಶನ್, ರೀಸ್ಟ್ರಕ್ಚರ್, ವಸೂಲಿ. ಮೊದಲನೆಯದು ನಮಗೆ ಬೇಕಾದದ್ದು. ಸಾಲದ ಷರತ್ತು ಬದಲಿಸದೆ, ಇಂಥ ದಿನ ಇಷ್ಟು ದುಡ್ಡು ಇಂಥ ಕಡೆಯಿಂದ ಬರುತ್ತದೆ, ಅದರಿಂದ ಖಾತೆ ಸರಿ ಮಾಡುತ್ತೇನೆ ಅಂತ ಸಾಲಗಾರ ಬರೆದು ಕೊಡುವುದು, ಬ್ಯಾಂಕು ಅದನ್ನು ಒಪ್ಪಿ ಕಾಯುವುದು. ಬ್ಯಾಂಕಿಗೆ ಯಾವ ನಷ್ಟವೂ ಆಗಬಾರದು, ದುಡ್ಡಿನ ಮೂಲ ಬೆರಳಿಟ್ಟು ತೋರಿಸುವಂತೆ ಇರಬೇಕು. ಎನ್‌ಪಿಎ ಇಳಿತ ಇಲ್ಲ.

2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಪ್ರೊ ನಿಟ್ಸ್ ಪ್ರಕರಣದಲ್ಲಿ ಈ ಚೌಕಟ್ಟನ್ನು ಬ್ಯಾಂಕುಗಳು ಪಾಲಿಸಲೇಬೇಕು ಅಂತ ಹೇಳಿತು. ಅದೇ ತೀರ್ಪಿನಲ್ಲಿ ಸಾಲಗಾರರಿಗೂ ಒಂದು ಮಾತು ಇದೆ. ತಾನು ಎಂಎಸ್‌ಎಂಇ ಅಂತ ದಾಖಲೆ ಸಮೇತ ಬ್ಯಾಂಕಿಗೆ ಎನ್‌ಪಿಎ ಆಗುವ ಮೊದಲೇ ತಿಳಿಸುವ ಜವಾಬ್ದಾರಿ ಅವರದ್ದು. ಸುಮ್ಮನಿದ್ದು, ಜಪ್ತಿ ನೋಟಿಸು ಬಂದ ಮೇಲೆ ಈ ಚೌಕಟ್ಟು ನೆನಪಾದರೆ ನಡೆಯುವುದಿಲ್ಲ. ಅದಕ್ಕೇ ಉದ್ಯಮ್ ಪ್ರಮಾಣಪತ್ರದ ಪ್ರತಿ ಪತ್ರದ ಜೊತೆ ಮೊದಲ ಪುಟವಾಗಿ ಇರಲಿ. ಅದು ಸಾಲ ತೆಗೆಯುವಾಗ ಕೊಟ್ಟಿದ್ದೇನೆ ಅಂತ ಬಿಡಬೇಡಿ.

ಈಗ ನಿಮ್ಮ ದುಡ್ಡಿನ ಲೆಕ್ಕ. ಬೆಂಗಳೂರಿನವರು ಮೇಲ್‌ನಲ್ಲಿ ಅಕ್ಟೋಬರ್ 10ಕ್ಕೆ 2 ಲಕ್ಷ, ನವೆಂಬರ್ 10ಕ್ಕೆ 2 ಲಕ್ಷ, ಉಳಿದ 3.80 ಲಕ್ಷ ಡಿಸೆಂಬರ್‌ನಲ್ಲಿ ಅಂತ ಒಪ್ಪಿದ್ದಾರೆ. ಮಂಗಳೂರಿನ ಅಂಗಡಿಯಿಂದ ಈ ತಿಂಗಳ ಕೊನೆಗೆ 35 ಸಾವಿರ ಬರಲಿದೆ ಅಂತ ನೀವು ಬರೆದಿದ್ದೀರಿ. ಅದು ಬಂದ ದಿನವೇ ಆಗಸ್ಟಿನ ಕಂತಿಗೆ ಹೋಗಬೇಕು, ಸೆಪ್ಟೆಂಬರ್ 28 ಅಂತ ಇಟ್ಟುಕೊಳ್ಳೋಣ. ಅಕ್ಟೋಬರ್‌ನ 2 ಲಕ್ಷದಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಕಂತು 60,878, ಸಿಸಿಗೆ 1.35 ಲಕ್ಷ. ನವೆಂಬರ್‌ನ 2 ಲಕ್ಷದಲ್ಲಿ ನವೆಂಬರ್ ಕಂತು 30,439, ಸಿಸಿಗೆ 1.20 ಲಕ್ಷ. ಕೂಡಿಸಿ ನೋಡಿ, ಸಿಸಿಗೆ ಹೋದದ್ದು ಸರಿಯಾಗಿ 2.55 ಲಕ್ಷ. ನವೆಂಬರ್ 10ಕ್ಕೆ ಎರಡೂ ಖಾತೆ ಸರಿ. ಸಿಸಿಯ ಗಡುವಿಗೆ ಇನ್ನೂ 19 ದಿನ ಉಳಿಯುತ್ತದೆ. ಹಳೆಯ ಬಿಲ್ಲು ಲೆಕ್ಕದಿಂದ ಹೊರಗಿರುವುದರಿಂದ ಅದರ ದುಡ್ಡು ಬಂದಾಗ ಡ್ರಾಯಿಂಗ್ ಪವರ್ ಇಳಿಯುವುದಿಲ್ಲ, ಅದೊಂದು ಅನುಕೂಲ. ಆದರೆ ದಾಸ್ತಾನು ಕರಗಿದರೆ ಇಳಿಯುತ್ತದೆ. ಆದ್ದರಿಂದ ನವೆಂಬರ್‌ನಲ್ಲಿ ಉಳಿಯುವ ನಲವತ್ತೊಂಬತ್ತು ಸಾವಿರ ಮನೆ ಖರ್ಚಿಗೆ ಅಲ್ಲ, ಕೂಲಿಗೆ ಮತ್ತು ತಟ್ಟೆ ಒತ್ತುವುದಕ್ಕೆ. ಸಿಸಿಯ ತಿಂಗಳ ಬಡ್ಡಿ 5,400ರ ಹತ್ತಿರ ಬೀಳುತ್ತದೆ, ಅದನ್ನು ಊರ ಅಂಗಡಿಗಳ ದುಡ್ಡಿನಿಂದ ಆಯಾ ತಿಂಗಳೇ ಹಾಕಿ. ಡಿಸೆಂಬರ್‌ನ ದುಡ್ಡು ಹೊಸ ಹಾಳೆ ಖರೀದಿಗೆ.

ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿ ಇದ್ದಾಗ ಬೇಕರಿಯವರೊಬ್ಬರು ಮೂರು ಪುಟದ ಪತ್ರ ತಂದಿದ್ದರು. ಅಪ್ಪನ ಕಾಯಿಲೆ, ದೈವದ ಮುನಿಸು, ನೆಂಟರ ಮೋಸ, ಎಲ್ಲ ಇತ್ತು. ಓದಿ ನನಗೂ ಬೇಜಾರಾಯಿತು. ಆದರೆ ಯಾವಾಗ ಎಷ್ಟು ಕಟ್ಟುತ್ತೇನೆ ಅನ್ನುವ ಒಂದು ಸಾಲು ಇರಲಿಲ್ಲ. ಅದನ್ನು ರೀಜನಲ್ ಆಫೀಸಿಗೆ ಕಳಿಸಿದರೆ ಅಲ್ಲಿ ಕೂತವರು ಅದರಲ್ಲಿ ಏನು ಹಿಡಿದುಕೊಳ್ಳಬೇಕು? ನಿಮ್ಮ ಪತ್ರ ಓದುವವರು ನಿಮ್ಮನ್ನು ನೋಡಿಯೇ ಇರುವುದಿಲ್ಲ. ಅದನ್ನು ಮನಸ್ಸಲ್ಲಿಟ್ಟು ಇದನ್ನು ಬರೆದಿದ್ದೇನೆ.

> ಸೆಪ್ಟೆಂಬರ್ 22
>
> ಶಾಖಾ ವ್ಯವಸ್ಥಾಪಕರಿಗೆ,
> (ಬ್ಯಾಂಕು ಮತ್ತು ಶಾಖೆಯ ಹೆಸರು)
>
> ವಿಷಯ: ಟರ್ಮ್ ಲೋನ್ ಖಾತೆ (ಸಂಖ್ಯೆ) ಮತ್ತು ಸಿಸಿ ಖಾತೆ (ಸಂಖ್ಯೆ): ಎಂಎಸ್‌ಎಂಇ ಪುನಶ್ಚೇತನ ಮತ್ತು ಪುನರ್ವಸತಿ ಚೌಕಟ್ಟಿನ ಅಡಿಯಲ್ಲಿ ಅರ್ಜಿ
>
> ಮಾನ್ಯರೇ,
>
> ನಮ್ಮ ಹಾಳೆ ತಟ್ಟೆ ಘಟಕ ಉದ್ಯಮ್ ನೋಂದಣಿ ಇರುವ ಕಿರು ಉದ್ಯಮ (ನೋಂದಣಿ ಸಂಖ್ಯೆ). ನಿಮ್ಮ ಶಾಖೆಯಿಂದ 14 ಲಕ್ಷ ರೂ. ಟರ್ಮ್ ಲೋನ್ ಮತ್ತು 6 ಲಕ್ಷ ರೂ. ಸಿಸಿ ಪಡೆದಿದ್ದೇವೆ. ಕಳೆದ ಜುಲೈವರೆಗಿನ 24 ಕಂತುಗಳನ್ನು ಸಮಯಕ್ಕೆ ಸರಿಯಾಗಿ ಕಟ್ಟಿದ್ದೇವೆ. ಆಗಸ್ಟ್ 5 ಮತ್ತು ಸೆಪ್ಟೆಂಬರ್ 5ರ ಕಂತು, ಒಟ್ಟು 60,878 ರೂ. ಬಾಕಿಯಾಗಿದೆ. ಆಗಸ್ಟ್ 31ರ ಸ್ಟಾಕ್ ಸ್ಟೇಟ್‌ಮೆಂಟ್ ಪ್ರಕಾರ ಸಿಸಿ ಖಾತೆ ಡ್ರಾಯಿಂಗ್ ಪವರ್‌ಗಿಂತ ಸುಮಾರು 2.55 ಲಕ್ಷ ರೂ. ಮೀರಿದೆ.
>
> ಕಾರಣ: ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬೆಂಗಳೂರಿನ ಒಬ್ಬ ಖರೀದಿದಾರರಿಗೆ ಕಳಿಸಿದ 7.80 ಲಕ್ಷ ರೂ. ಮಾಲಿನ ಹಣ ಬಂದಿಲ್ಲ. ಮಾಲಿನ ಗುಣಮಟ್ಟದ ಬಗ್ಗೆ ತಕರಾರು ಇಲ್ಲ. ಖರೀದಿದಾರರು ಬಾಕಿಯನ್ನು ಒಪ್ಪಿ, ಅಕ್ಟೋಬರ್ 10ಕ್ಕೆ 2 ಲಕ್ಷ, ನವೆಂಬರ್ 10ಕ್ಕೆ 2 ಲಕ್ಷ, ಡಿಸೆಂಬರ್‌ನಲ್ಲಿ 3.80 ಲಕ್ಷ ರೂ. ಕೊಡುವುದಾಗಿ ಬರೆದಿದ್ದಾರೆ (ಬಿಲ್ಲುಗಳು, ಇ-ವೇ ಬಿಲ್ಲುಗಳು ಮತ್ತು ಮೇಲ್ ಲಗತ್ತಿಸಿದೆ). ಘಟಕ ನಡೆಯುತ್ತಿದೆ. ಅಕ್ಟೋಬರ್‌ನಿಂದ ಮದುವೆ ಮತ್ತು ಜಾತ್ರೆಗಳ ಆರ್ಡರುಗಳಿವೆ (ಪ್ರತಿ ಲಗತ್ತಿಸಿದೆ).
>
> ನಮ್ಮ ಕೋರಿಕೆ: ಸಾಲದ ಅವಧಿ, ಬಡ್ಡಿ ದರ ಅಥವಾ ಕಂತಿನ ಮೊತ್ತದಲ್ಲಿ ಬದಲಾವಣೆ ಇಲ್ಲದೆ, ರೆಕ್ಟಿಫಿಕೇಶನ್ ಕ್ರಮವಾಗಿ ಈ ವೇಳಾಪಟ್ಟಿಯನ್ನು ಒಪ್ಪಬೇಕು.
>
> ಸೆಪ್ಟೆಂಬರ್ 28: ಆಗಸ್ಟ್ ಕಂತು 30,439 ರೂ. (ಮಂಗಳೂರಿನ ಅಂಗಡಿಯ ಬಿಲ್ಲಿನಿಂದ)
> ಅಕ್ಟೋಬರ್ 10: ಸೆಪ್ಟೆಂಬರ್, ಅಕ್ಟೋಬರ್ ಕಂತು 60,878 ರೂ.; ಸಿಸಿಗೆ 1,35,000 ರೂ.
> ನವೆಂಬರ್ 10: ನವೆಂಬರ್ ಕಂತು 30,439 ರೂ.; ಸಿಸಿಗೆ 1,20,000 ರೂ.
>
> ಸಿಸಿಯ ಬಡ್ಡಿಯನ್ನು ಆಯಾ ತಿಂಗಳೇ ತುಂಬುತ್ತೇವೆ. ಎಲ್ಲ ವ್ಯಾಪಾರದ ಹಣವೂ ನಿಮ್ಮಲ್ಲಿರುವ ಸಿಸಿ ಖಾತೆಗೇ ಬರುತ್ತದೆ.
>
> ಅಕ್ಟೋಬರ್ 10ರ ಹಣ ಅಕ್ಟೋಬರ್ 15ರೊಳಗೆ ಬಾರದಿದ್ದರೆ ನಾವೇ ಲಿಖಿತವಾಗಿ ತಿಳಿಸುತ್ತೇವೆ. ಆಗ ಇದೇ ಅರ್ಜಿಯನ್ನು ರೀಸ್ಟ್ರಕ್ಚರ್ ಕೋರಿಕೆ ಎಂದು ಪರಿಗಣಿಸಿ, ಮೂರು ತಿಂಗಳು ಬಡ್ಡಿ ಮಾತ್ರ ಕಟ್ಟಲು ಮತ್ತು ಅವಧಿಯನ್ನು 12 ತಿಂಗಳು ವಿಸ್ತರಿಸಲು ಸಮಿತಿಯ ಮುಂದಿಡಬೇಕು. ಸಿಸಿಯಲ್ಲಿ ಮೀರಿದ ಮೊತ್ತವನ್ನು ಪ್ರತ್ಯೇಕ ಕಂತುಗಳಲ್ಲಿ ತೀರಿಸುವ ವ್ಯವಸ್ಥೆಯನ್ನೂ ಆಗ ಕೋರುತ್ತೇವೆ.
>
> ಒಟ್ಟು ಲಿಮಿಟ್ 10 ಲಕ್ಷ ರೂ. ಮೀರಿರುವುದರಿಂದ ಅರ್ಜಿಯನ್ನು ಸಮಿತಿಗೆ ಕಳುಹಿಸಿ, ಸಭೆಯ ದಿನವನ್ನು ತಿಳಿಸಬೇಕಾಗಿ ವಿನಂತಿ.
>
> ಲಗತ್ತು: ಉದ್ಯಮ್ ಪ್ರಮಾಣಪತ್ರ, ಕಳೆದ ವರ್ಷದ ಆಡಿಟ್ ಆದ ಲೆಕ್ಕಪತ್ರ, ಎಲ್ಲ ಸಾಲ ಮತ್ತು ತೆರಿಗೆ ಬಾಕಿಗಳ ಪಟ್ಟಿ, ಮೇಲೆ ಹೇಳಿದ ದಾಖಲೆಗಳು, ಮಾರ್ಚ್‌ವರೆಗಿನ ತಿಂಗಳುವಾರು ಆದಾಯ ಮತ್ತು ಖರ್ಚಿನ ಅಂದಾಜು.
>
> (ಸಹಿ, ಘಟಕದ ಮೊಹರು)

ಈ ಪತ್ರದ ಕೆಲವು ಸಾಲುಗಳ ಬಗ್ಗೆ ಹೇಳಬೇಕು.

ಅಕ್ಟೋಬರ್ 15ರ ಪ್ಯಾರಾ ತೆಗೆದು ಹಾಕೋಣ ಅಂತ ನಿಮಗೆ ಅನಿಸಬಹುದು. ನಾವೇ ಅನುಮಾನ ಹುಟ್ಟಿಸಿದ ಹಾಗಾಗುತ್ತದಲ್ಲ ಅಂತ. ತೆಗೆಯಬೇಡಿ. ಬೆಂಗಳೂರಿನವರು ಕೈ ಕೊಟ್ಟರೆ ಮಂಗಳೂರಿನ ದುಡ್ಡಿನಿಂದ ಸಿಕ್ಕ ಡಿಸೆಂಬರ್ 4ರವರೆಗಿನ ಸಮಯ ಮಾತ್ರ ನಿಮ್ಮ ಹತ್ತಿರ ಇರುತ್ತದೆ, ಸಿಸಿಗೆ ನವೆಂಬರ್ 29. ಸಮಿತಿ ತೀರ್ಮಾನಕ್ಕೇ 30 ದಿನ ತೆಗೆದುಕೊಳ್ಳಬಹುದು. ನವೆಂಬರ್‌ನಲ್ಲಿ ಹೊಸ ಅರ್ಜಿ ಹಿಡಿದು ಓಡಿದರೆ ತಡವಾಯಿತು. ಆ ದುಡ್ಡು ಬರಲೇ ಇಲ್ಲ ಅಂದರೆ ಇದು ತಾತ್ಕಾಲಿಕ ಕಷ್ಟವೂ ಅಲ್ಲ, ಆಗ ಎನ್‌ಪಿಎ ಗುರುತು ಬಿದ್ದರೂ ರೀಸ್ಟ್ರಕ್ಚರೇ ಸರಿ. ಕಂತಿಗೆ ಅಂತ ಕೈಸಾಲ ಮಾಡುತ್ತಾ ಹೋಗುವುದಕ್ಕಿಂತ ಅದು ಎಷ್ಟೋ ಮೇಲು. ಮನೆಯ ಚಿನ್ನ ಅಡವಿಟ್ಟು ಒಂದು ಕಂತು ಕಟ್ಟುವವರನ್ನು ನಾನು ತಪ್ಪು ಅನ್ನುವುದಿಲ್ಲ, ಬರುವ ದುಡ್ಡು ಖಚಿತ ಇದ್ದರೆ. ಎರಡನೇ ಕಂತಿಗೂ ಅದೇ ಆದರೆ ನಿಲ್ಲಿಸಿ.

"ಎಲ್ಲ ಹಣವೂ ಸಿಸಿ ಖಾತೆಗೇ" ಅನ್ನುವ ಸಾಲನ್ನು ಬರೆದರೆ ಹಾಗೇ ನಡೆಯಬೇಕು. ಸಿಸಿಗೆ ಬಂದ ದುಡ್ಡು ಬ್ಯಾಂಕು ನುಂಗಿಬಿಡುತ್ತದೆ ಅಂತ ಹೆದರಿ ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದು, ಅಂಗಡಿಯವರಿಗೆ ಅದರ ಕ್ಯೂಆರ್ ಕೊಡುವವರು ಇದ್ದಾರೆ. ನಿಮ್ಮ ಜಿಎಸ್‌ಟಿ ರಿಟರ್ನಿನಲ್ಲಿ ಮಾರಾಟ ಇಷ್ಟು, ಸಿಸಿಗೆ ಬಂದದ್ದು ಅದರ ಅರ್ಧ ಅಂತ ಕಂಡರೆ ಯಾವ ಸಮಿತಿಯೂ ಮುಂದಿನ ಸಾಲು ಓದುವುದಿಲ್ಲ. ಸ್ಟಾಕ್ ಸ್ಟೇಟ್‌ಮೆಂಟನ್ನು ಉಬ್ಬಿಸಿ 2.55 ಲಕ್ಷ ಮುಚ್ಚೋಣ ಅಂತ ಯಾರಾದರೂ ಸಲಹೆ ಕೊಟ್ಟರೆ ಅವರಿಂದ ದೂರ ಇರಿ. ಗೋದಾಮಿಗೆ ಬಂದು ಹಾಳೆ ಕಟ್ಟು ಎಣಿಸುವುದು ಅರ್ಧ ಗಂಟೆಯ ಕೆಲಸ, ಆಮೇಲೆ ಅದು ವಂಚನೆಯ ಪ್ರಕರಣ.

ನಿಮ್ಮ ಭಾವ ಜಾಮೀನು ಹಾಕಿದ್ದಾರೆ ಅಂತ ಬರೆದಿದ್ದೀರಿ. ಅವರಿಗೆ ಈಗಲೇ ಹೇಳಿ, ಬ್ಯಾಂಕಿನವರಿಂದ ಗೊತ್ತಾಗುವುದು ಬೇಡ. ರೀಸ್ಟ್ರಕ್ಚರ್ ಹಂತಕ್ಕೆ ಹೋದರೆ ಅವರ ಸಹಿ ಬೇಕೇ ಬೇಕು. ಜಾಮೀನುದಾರನನ್ನು ಕೇಳದೆ ಸಾಲದ ಷರತ್ತು ಬದಲಿಸಿದರೆ ಕರಾರು ಕಾಯ್ದೆಯ ಪ್ರಕಾರ ಅವನ ಹೊಣೆ ಬಿದ್ದುಹೋಗಬಹುದು. ಹಾಗಾಗಿ ಬ್ಯಾಂಕು ಆ ಸಹಿ ಇಲ್ಲದೆ ಒಂದು ಹೆಜ್ಜೆಯೂ ಇಡುವುದಿಲ್ಲ. ಎಷ್ಟೋ ಕಡತಗಳು ಇದೊಂದಕ್ಕೇ ನಿಂತದ್ದನ್ನು ನೋಡಿದ್ದೇನೆ.

ಬೆಂಗಳೂರಿನವರನ್ನು ಬರೀ ಫೋನಿನಲ್ಲಿ ನಂಬಬೇಡಿ. ಕಿರು ಮತ್ತು ಸಣ್ಣ ಉತ್ಪಾದಕರಿಗೆ ಖರೀದಿದಾರರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು ಅಂತ 2006ರ ಎಂಎಸ್‌ಎಂಇಡಿ ಕಾಯ್ದೆ ಹೇಳುತ್ತದೆ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡಲು ಬೆಂಗಳೂರಿಗೆ ಹೋಗಬೇಕಾಗಿಲ್ಲ, ಮಾಲು ಕೊಟ್ಟವರು ಎಲ್ಲಿದ್ದಾರೋ ಆ ಕಡೆಯ, ಬಾಕಿ ತಗಾದೆ ಬಗೆಹರಿಸುವ ಎಂಎಸ್‌ಎಂಇ ಕೌನ್ಸಿಲ್‌ನಲ್ಲೇ ಕೊಡಬಹುದು. ನಿಮಗೆ ಕೇರಳದ್ದು. ದಾರಿ ಗೊತ್ತಾಗದಿದ್ದರೆ ವಿದ್ಯಾನಗರದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿ. ಒಂದೇ ಷರತ್ತು, ಮಾಲು ಕಳಿಸುವ ಮೊದಲೇ ಉದ್ಯಮ್ ನೋಂದಣಿ ಆಗಿರಬೇಕು. ನಿಮ್ಮದು ಆಗಿದೆ. ಇನ್ನೊಂದು ಮಾತು ಅವರ ಕಿವಿಗೆ ಹಾಕಿ. ಗಡುವು ಮೀರಿದ ನಿಮ್ಮ ಬಿಲ್ಲನ್ನು ಮಾರ್ಚ್ 31ರೊಳಗೆ ತೀರಿಸದಿದ್ದರೆ ಆ ಖರ್ಚನ್ನು ಅವರು ಆ ವರ್ಷದ ಆದಾಯ ತೆರಿಗೆಯಲ್ಲಿ ತೋರಿಸಲು ಆಗುವುದಿಲ್ಲ. ಅವರ ಆಡಿಟರಿಗೆ ಇದು ಗೊತ್ತಿರುತ್ತದೆ. ಜಗಳ ಬೇಡ, ಗಿರಾಕಿ ಬೇಕು ಅನ್ನುವುದು ನನಗೂ ಅರ್ಥವಾಗುತ್ತದೆ. ದೂರು ಕೊಡದಿದ್ದರೂ ಕಾಯ್ದೆಯ ಹೆಸರು ಹಾಕಿ ಒಂದು ಮೇಲ್ ಕಳಿಸಿ, ಅದರ ಪ್ರತಿಯನ್ನು ಬ್ಯಾಂಕಿನ ಪತ್ರಕ್ಕೂ ಸೇರಿಸಿ. ವಸೂಲಿಗೆ ನೀವು ಕೂತಿಲ್ಲ ಅಂತ ಸಮಿತಿಗೆ ಕಾಣಬೇಕು.

ಭಾಷೆಯ ವಿಷಯ. ನಮ್ಮ ಕಡೆ ಇದು ಯಾವಾಗಲೂ ಬರುವ ಪ್ರಶ್ನೆ. ಪತ್ರ ಕನ್ನಡದಲ್ಲೇ ಕೊಡಿ, ಅದರಲ್ಲಿ ಸಂಕೋಚ ಬೇಡ. ಆದರೆ ಮ್ಯಾನೇಜರರು ಕಣ್ಣೂರಿನವರೋ ಬಿಹಾರದವರೋ ಆಗಿರಬಹುದು, ಸಮಿತಿ ಕೂರುವುದು ಬೇರೆ ಊರಲ್ಲಿ. ಅವರು ನಿಮ್ಮ ಪತ್ರದ ಸಾರವನ್ನು ತಾವೇ ಇಂಗ್ಲಿಷಿಗೆ ಬರೆದುಕೊಂಡರೆ ಒಂದು ತಾರೀಕು, ಒಂದು ಸೊನ್ನೆ ತಪ್ಪಿದರೂ ಕಷ್ಟ. ನಿಮ್ಮ ಆಡಿಟರ ಹತ್ತಿರ ಇಂಗ್ಲಿಷ್ ಪ್ರತಿ ಮಾಡಿಸಿ, ಎರಡಕ್ಕೂ ಸಹಿ ಹಾಕಿ, ಒಟ್ಟಿಗೆ ಪಿನ್ ಮಾಡಿ ಕೊಡಿ. ರೆಕ್ಟಿಫಿಕೇಶನ್ ಅನ್ನುವ ಶಬ್ದ ಎರಡರಲ್ಲೂ ಹಾಗೇ ಇರಲಿ, ಅನುವಾದ ಮಾಡಬೇಡಿ. ಸಮಿತಿಯ ಫಾರ್ಮಿನಲ್ಲಿ ಇರುವುದು ಆ ಶಬ್ದವೇ.

ಕೊಡುವಾಗ ನಿಮ್ಮ ಪ್ರತಿಯ ಮೇಲೆ ಶಾಖೆಯ ಸೀಲು, ತಾರೀಕು, ಸಹಿ ತೆಗೆದುಕೊಳ್ಳಿ. "ಇಟ್ಟು ಹೋಗಿ, ನೋಡುತ್ತೇವೆ" ಅಂದರೆ ಅದೇ ದಿನ ಪೆರ್ಲ ಪೋಸ್ಟಿನಿಂದ ಸ್ಪೀಡ್ ಪೋಸ್ಟ್, ಮತ್ತು ಶಾಖೆಯ ಅಧಿಕೃತ ಮೇಲ್‌ಗೆ ಸ್ಕ್ಯಾನ್ ಪ್ರತಿ. ಐದು ಕೆಲಸದ ದಿನ ಕಳೆದ ಮೇಲೆ ಸಭೆಯ ದಿನ ಕೇಳಿ ಒಂದು ಸಾಲಿನ ನೆನಪೋಲೆ. 30 ದಿನವಾದರೂ ಉತ್ತರವೇ ಇಲ್ಲ ಅಂದರೆ cms.rbi.org.in ನಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅಲ್ಲಿ ಸಿಗುವುದು ಉತ್ತರ ಕೊಡದಿರುವುದಕ್ಕೆ ಪರಿಹಾರ. ನಿಮ್ಮ ವೇಳಾಪಟ್ಟಿಯನ್ನು ಒಪ್ಪಲೇಬೇಕು ಅಂತ ಅವರು ಬ್ಯಾಂಕಿಗೆ ಹೇಳುವುದಿಲ್ಲ, ಅದು ಬ್ಯಾಂಕಿನ ವ್ಯಾಪಾರದ ತೀರ್ಮಾನ.

ಇದರ ನಡುವೆ ಸ್ಟೇಟ್‌ಮೆಂಟಿನಲ್ಲಿ ದಂಡ ಹಾಕಿರುವುದನ್ನೂ ನೋಡಿಕೊಳ್ಳಿ. 2024ರಿಂದ ತಪ್ಪಿದ ಕಂತಿಗೆ ಬ್ಯಾಂಕು ಹಾಕುವುದು ಪೀನಲ್ ಚಾರ್ಜು, ಬಡ್ಡಿ ದರದ ಮೇಲೆ ಇನ್ನಷ್ಟು ಶೇಕಡಾ ಸೇರಿಸುವಂತಿಲ್ಲ, ಆ ಚಾರ್ಜಿನ ಮೇಲೆ ಮತ್ತೆ ಬಡ್ಡಿಯೂ ಇಲ್ಲ. ಮಂಗಳೂರಿನ ದುಡ್ಡು ಬಂದಾಗ 30,439 ಮಾತ್ರ ಕಟ್ಟಿ ಬರಬೇಡಿ. ತಡವಾದದ್ದಕ್ಕೆ ಬಡ್ಡಿ, ಚಾರ್ಜು ಸೇರಿ ಆಗಸ್ಟಿನ ಕಂತು ಪೂರ್ತಿ ತೀರಲು ಅವತ್ತಿಗೆ ಎಷ್ಟು ಅಂತ ಕೌಂಟರಿನಲ್ಲಿ ಕೇಳಿ, ಅಷ್ಟೂ ಕಟ್ಟಿ. ಇನ್ನೂರು ರೂಪಾಯಿ ಕಡಿಮೆ ಬಿದ್ದರೂ ಎಣಿಕೆ ಆಗಸ್ಟ್ 5ರಲ್ಲೇ ನಿಂತಿರುತ್ತದೆ.